ಮಾರ್ಗಸೂಚಿ ಬೆಲೆ ನಿಜವಾದ ಬೆಲೆಗಿಂತ ಹೆಚ್ಚಾದಾಗ: ಕಲಬುರಗಿ ಭಾಗದಲ್ಲಿ ಮುದ್ರಾಂಕ ಮೌಲ್ಯಮಾಪನವನ್ನು ಪ್ರಶ್ನಿಸುವ ಕ್ರಮ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಹೊಲ ಕೊಳ್ಳುವವರು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ಮಾರ್ಗಸೂಚಿ ದರದಂತೆ ತೋರಿಸಿದ ಮೊತ್ತವನ್ನೇ ಸರ್ಕಾರದ ಅಂತಿಮ ತೀರ್ಮಾನವೆಂದು ತಿಳಿದು, ಆಡಿದ ಬೆಲೆಗಿಂತ ಅದು ಎಷ್ಟೇ ಹೆಚ್ಚಿದ್ದರೂ ಹಣ ಕಟ್ಟಿಬಿಡುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ ಕಲಂ 45-ಎ ಪ್ರಕಾರ ಉಪ ನೋಂದಣಾಧಿಕಾರಿ ಹೇಳುವುದು ಒಂದು ಅಂದಾಜು ಮಾತ್ರ. ಆ ಅಂದಾಜನ್ನು ಒಪ್ಪದ ಪಕ್ಷಗಾರರ ದಸ್ತಾವೇಜನ್ನು ಅವರು ನೋಂದಣಿಗೆ ಬಾಕಿ ಇಟ್ಟು, ಬೆಲೆ ನಿರ್ಧಾರಕ್ಕಾಗಿ ಜಿಲ್ಲಾ ನೋಂದಣಾಧಿಕಾರಿಗೆ ಕಳುಹಿಸಬೇಕು. ಆದರೆ ಅಂದಾಜಿನ ಮೇಲೆ ಪೂರ್ತಿ ಮುದ್ರಾಂಕ ಶುಲ್ಕ ಕಟ್ಟಿದ ಮೇಲೆ ಕಳುಹಿಸಲು ಏನೂ ಉಳಿಯುವುದಿಲ್ಲ. ಜಿಲ್ಲಾ ನೋಂದಣಾಧಿಕಾರಿಯ ಆದೇಶವಿಲ್ಲದಿದ್ದರೆ ಮೇಲ್ಮನವಿಯೂ ಇಲ್ಲ. ಆದ್ದರಿಂದ ಪ್ರಶ್ನಿಸುವ ಕಾಲವೆಂದರೆ ಹಣ ಕಟ್ಟುವುದಕ್ಕೆ ಮೊದಲಿನ ಕಾಲ.

ಈ ಲೇಖನದಲ್ಲಿ ಈ ಭಾಗದಲ್ಲಿ ಎದುರಾಗಬಹುದಾದ ಒಂದೇ ಬಗೆಯ ಪ್ರಕರಣವನ್ನು ತೆಗೆದುಕೊಂಡು, ಮೊದಲಿನಿಂದ ಕೊನೆಯವರೆಗೆ ಏನು ಮಾಡಬೇಕೆಂಬುದನ್ನು ವಿವರಿಸಿದ್ದೇನೆ. ಕಲಬುರಗಿ ತಾಲ್ಲೂಕಿನಲ್ಲಿ ಹುಮನಾಬಾದ್ ರಸ್ತೆಯ ಬದಿಯ ಒಂದು ಗ್ರಾಮ ಎಂದಿಟ್ಟುಕೊಳ್ಳಿ. ಅಲ್ಲಿ 9 ಎಕರೆಯ ಒಂದು ಸರ್ವೆ ನಂಬರಿನ ಮುಂಭಾಗ ಹೆದ್ದಾರಿಗೆ ತಾಗಿದೆ. ಒಬ್ಬ ರೈತರು ಅದರ ಹಿಂಭಾಗದ 3 ಎಕರೆ ಖುಷ್ಕಿ ಭೂಮಿಯನ್ನು, ಎಕರೆಗೆ 12 ಲಕ್ಷ ರೂಪಾಯಿಯಂತೆ 36 ಲಕ್ಷಕ್ಕೆ, ಎಲ್ಲ ಹಣವನ್ನೂ ಬ್ಯಾಂಕಿನ ಮೂಲಕ ಕೊಟ್ಟು ಕೊಳ್ಳುತ್ತಿದ್ದಾರೆ. ಈ 3 ಎಕರೆಗೆ ರಸ್ತೆಯ ಕಡೆ ಎಲ್ಲೆಯಿಲ್ಲ, ಬಂಡಿ ದಾರಿ ಮಾತ್ರ ಇದೆ, ಒಂದು ಬದಿಗೆ ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳವಿದೆ. ತಂತ್ರಾಂಶ ಮಾತ್ರ ಎಕರೆಗೆ 20 ಲಕ್ಷದಂತೆ 60 ಲಕ್ಷ ಬೆಲೆ ತೋರಿಸುತ್ತದೆ. ಈ ದರಗಳು ಲೆಕ್ಕ ತಿಳಿಯಲೆಂದು ಊಹಿಸಿಕೊಂಡವು. ನಿಮ್ಮ ಗ್ರಾಮದ ದರವನ್ನು ನೀವೇ ನೋಡಿಕೊಳ್ಳಬೇಕು.

ಮೊತ್ತ ಎಲ್ಲಿಂದ ಬಂತು ಎಂಬುದನ್ನು ಮೊದಲು ಹುಡುಕಿ

ದರ ಹೆಚ್ಚು ಎಂದು ವಾದಿಸುವ ಮೊದಲು ಯಾವ ದರ ಹಾಕಿದ್ದಾರೆ ಎಂಬುದನ್ನು ತಿಳಿಯಬೇಕು. ಮಾರ್ಗಸೂಚಿ ದರಗಳನ್ನು ಕಲಂ 45-ಬಿ ಅಡಿಯ ಕೇಂದ್ರ ಮೌಲ್ಯಮಾಪನ ಸಮಿತಿ ಪ್ರಕಟಿಸುತ್ತದೆ. ರಾಜ್ಯದಾದ್ಯಂತ ದೊಡ್ಡ ಪರಿಷ್ಕರಣೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಕೃಷಿ ಭೂಮಿಗೆ ಗ್ರಾಮವಾರು ಖುಷ್ಕಿ, ತರಿ, ಬಾಗಾಯತ್ ಎಂಬ ದರಗಳಿರುತ್ತವೆ. ಇವುಗಳ ಜೊತೆಗೆ ಪಟ್ಟಿಯ ಭಾಗವಾಗಿ ‘ವಿಶೇಷ ಸೂಚನೆಗಳು’ ಇರುತ್ತವೆ. ಹೆದ್ದಾರಿಗೆ ಹೊಂದಿಕೊಂಡ ಭೂಮಿ, ಮೂಲೆ ನಿವೇಶನ, ಬಿನ್‌ಶೇತ್ಕಿ ಎಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಆದ ಭೂಮಿ, ಕೆಲವೇ ಗುಂಟೆಗಳ ತುಂಡು ಭೂಮಿ ಇವುಗಳಿಗೆ ದರ ಹೇಗೆ ಏರಬೇಕು ಎಂಬುದನ್ನು ಆ ಸೂಚನೆಗಳು ಹೇಳುತ್ತವೆ. ಜನ ದರದ ಪಟ್ಟಿಯನ್ನು ನೋಡಿ ಸೂಚನೆಗಳ ಪುಟವನ್ನು ಬಿಟ್ಟುಬಿಡುತ್ತಾರೆ. ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚುವರಿ ಬೆಲೆಯ ಕಾರಣವನ್ನು ಹುಡುಕಲು ಮೊದಲು ತೆರೆಯಬೇಕಾದದ್ದು ಆ ಪುಟವನ್ನೇ.

ನಮ್ಮ ಪ್ರಕರಣದಲ್ಲಿ ಪಟ್ಟಿಯನ್ನು ತೆರೆದರೆ, ಆ ಗ್ರಾಮದ ಒಳಭಾಗದ ಖುಷ್ಕಿ ಭೂಮಿಗೆ ಎಕರೆಗೆ 13 ಲಕ್ಷ, ಹೆದ್ದಾರಿಗೆ ಹೊಂದಿಕೊಂಡ ಸರ್ವೆ ನಂಬರುಗಳಿಗೆ 20 ಲಕ್ಷ ಎಂದಿರುತ್ತದೆ. ಅಂದರೆ ಇಲ್ಲಿ ತಪ್ಪಿರುವುದು ದರವಲ್ಲ, ವರ್ಗೀಕರಣ. ಮೂಲ ಸರ್ವೆ ನಂಬರು ರಸ್ತೆಗೆ ತಾಗಿದೆ ಎಂಬ ಕಾರಣಕ್ಕೆ, ರಸ್ತೆಯನ್ನೇ ಮುಟ್ಟದ ಹಿಂಭಾಗದ ತುಂಡಿಗೂ ರಸ್ತೆ ಬದಿಯ ದರ ಬಿದ್ದಿದೆ. ಈ ಎರಡು ಬಗೆಯ ತಪ್ಪುಗಳನ್ನು ಬೇರೆ ಮಾಡಿಕೊಳ್ಳುವುದು ಬಹಳ ಮುಖ್ಯ. ವರ್ಗೀಕರಣದ ತಪ್ಪನ್ನು ಒಂದು ನಕ್ಷೆಯಿಂದ ತೋರಿಸಬಹುದು, ಕೆಲವೊಮ್ಮೆ ಉಪ ನೋಂದಣಿ ಕಚೇರಿಯಲ್ಲೇ ಬಗೆಹರಿಸಿಕೊಳ್ಳಬಹುದು. ದರವೇ ಹೆಚ್ಚು ಎಂದು ಸಾಧಿಸಲು ಮಾತ್ರ ಸಾಕ್ಷ್ಯಗಳ ಸರಣಿಯೇ ಬೇಕು.

ಲೆಕ್ಕ ಹಾಕಿದ ಮೇಲೆಯೇ ಹೆಜ್ಜೆ ಇಡಿ

ಕರ್ನಾಟಕದಲ್ಲಿ ಕ್ರಯಪತ್ರದ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್ ಮತ್ತು ಗ್ರಾಮೀಣ ಪ್ರದೇಶದಲ್ಲಿ ಶೇ 3 ಸರ್ಚಾರ್ಜ್ ಸೇರಿ ಒಟ್ಟು ಶೇ 5.65 ಆಗುತ್ತದೆ, ನಗರದಲ್ಲಿ ಸರ್ಚಾರ್ಜ್ ಶೇ 2 ಆದ್ದರಿಂದ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. 60 ಲಕ್ಷದ ಮೇಲೆ ಇವೆರಡೂ ಸೇರಿ 4,59,000 ರೂಪಾಯಿ. ವರ್ಗೀಕರಣ ಸರಿಯಾಗಿ ಬೆಲೆ 39 ಲಕ್ಷಕ್ಕೆ ಇಳಿದರೆ 2,98,350 ರೂಪಾಯಿ. ನಿಜವಾದ ಕ್ರಯದ ಮೊತ್ತವಾದ 36 ಲಕ್ಷಕ್ಕೇ ಇಳಿದರೆ 2,75,400 ರೂಪಾಯಿ.

ಈ ಲೆಕ್ಕ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ರಸ್ತೆ ದರವನ್ನು ತೆಗೆಸಿದರೆ 1,60,650 ರೂಪಾಯಿ ಉಳಿಯುತ್ತದೆ. ಅದರಾಚೆಗೆ ಎಕರೆಗೆ ಇನ್ನೊಂದು ಲಕ್ಷ ಇಳಿಸಲು ಹೋರಾಡಿದರೆ ಉಳಿಯುವುದು 22,950 ಮಾತ್ರ. ಮೊದಲನೆಯದಕ್ಕಾಗಿ ದಸ್ತಾವೇಜನ್ನು ಬಾಕಿ ಇಡಿಸುವುದು ನ್ಯಾಯ. ಎರಡನೆಯದಕ್ಕಾಗಿ ತಿಂಗಳುಗಟ್ಟಲೆ ನೋಂದಣಿಯಿಲ್ಲದೆ ಕಾಯುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಕ್ರಯದ ಮೊತ್ತ ಮಾರ್ಗಸೂಚಿ ಬೆಲೆಗಿಂತ ಹೆಚ್ಚಿದ್ದರೆ ಈ ದಾರಿಯೇ ಇಲ್ಲ ಎಂಬುದೂ ನೆನಪಿರಲಿ, ಏಕೆಂದರೆ ಶುಲ್ಕ ಬೀಳುವುದು ಎರಡರಲ್ಲಿ ಹೆಚ್ಚಿನದರ ಮೇಲೆ. ಕೈಯಲ್ಲಿ ನಗದು ಕೊಟ್ಟು ಪತ್ರದಲ್ಲಿ ಕಡಿಮೆ ಬರೆಸಿದವರು ಈ ವಿಚಾರಣೆಗೆ ಹೋಗಲೇಬಾರದು.

ದಸ್ತಾವೇಜಿನ ಶೆಡ್ಯೂಲಿನಲ್ಲೇ ವಾದದ ಅರ್ಧ ಇದೆ

ಬೆಲೆಯ ಮೇಲೆ ಪರಿಣಾಮ ಬೀರುವ ಎಲ್ಲ ಸಂಗತಿಗಳನ್ನೂ ದಸ್ತಾವೇಜಿನಲ್ಲಿ ಪೂರ್ಣವಾಗಿ, ಸತ್ಯವಾಗಿ ಬರೆಯಬೇಕೆಂದು ಮುದ್ರಾಂಕ ಕಾಯ್ದೆಯ ಕಲಂ 28 ಹೇಳುತ್ತದೆ. ಸಾಮಾನ್ಯವಾಗಿ ಇದನ್ನು ಖರೀದಿದಾರರ ಮೇಲಿನ ಕಟ್ಟುಪಾಡು ಎಂದಷ್ಟೇ ನೋಡುತ್ತಾರೆ. ನಮ್ಮಂಥ ಪ್ರಕರಣದಲ್ಲಿ ಅದು ಖರೀದಿದಾರರಿಗೆ ಅನುಕೂಲವೂ ಹೌದು. ಪತ್ರ ಬರಹಗಾರರು ಹಳೆಯ ಮಾದರಿಯನ್ನೇ ನಕಲು ಮಾಡಿ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಇಷ್ಟನ್ನೇ ಬರೆದರೆ ಹಳ್ಳವೂ ಬಂಡಿ ದಾರಿಯೂ ಕಾಗದದ ಮೇಲೆ ಇಲ್ಲವೆಂದೇ ಆಗುತ್ತದೆ. ಆದ್ದರಿಂದ ನಾಲ್ಕೂ ದಿಕ್ಕಿನ ಚೆಕ್ಕುಬಂದಿಯಲ್ಲಿ ಯಾವ ಬದಿಗೆ ಯಾರ ಹೊಲವಿದೆ, ಯಾವ ಬದಿಗೆ ಹಳ್ಳವಿದೆ, ಹೆದ್ದಾರಿಯಿಂದ ಎಷ್ಟು ದೂರವಿದೆ, ಹೋಗಿಬರುವ ದಾರಿ ಯಾವುದು, ಬಾವಿ ಅಥವಾ ಕೊಳವೆಬಾವಿ ಇದೆಯೇ ಇಲ್ಲವೇ ಎಂಬುದನ್ನು ಬರೆಸಿ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ, ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಹೇಗೂ ಬೇಕೇಬೇಕು. ಆ ನಕ್ಷೆಯಲ್ಲಿ ಮಾರಾಟದ ಭಾಗ ರಸ್ತೆಯಿಂದ ಹಿಂದೆ ಇರುವುದು ಗೆರೆಯಲ್ಲೇ ಕಾಣುತ್ತದೆ. ಇಡೀ ಪ್ರಕರಣದಲ್ಲಿ ಅದಕ್ಕಿಂತ ಬಲವಾದ ಕಾಗದ ಇನ್ನೊಂದಿಲ್ಲ.

ಬರೆಯಬಾರದ ಮಾತೊಂದಿದೆ. ಮುಂದೆ ಲೇಔಟ್ ಮಾಡುವ ಯೋಚನೆಯಿರುವ ಕೆಲವರು ‘ನಿವೇಶನ ಮಾಡುವ ಉದ್ದೇಶಕ್ಕಾಗಿ’ ಎಂದು ಪೀಠಿಕೆಯಲ್ಲಿ ಸೇರಿಸುತ್ತಾರೆ. ಉತ್ತರ ಪ್ರದೇಶ ಸರ್ಕಾರ ಮತ್ತು ಅಂಬರೀಷ್ ಟಂಡನ್ ನಡುವಿನ 2012ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೊಂಡ ದಿನದಂದು ಆಸ್ತಿ ಹೇಗಿತ್ತು ಎಂಬುದೇ ಮುದ್ರಾಂಕ ಶುಲ್ಕಕ್ಕೆ ಮುಖ್ಯ, ನಂತರ ಅದನ್ನು ವಾಣಿಜ್ಯಕ್ಕೆ ಬಳಸಿದ್ದು ಮುಖ್ಯವಲ್ಲ ಎಂದು ಹೇಳಿದೆ. ಭೂಮಿ ಇಂದು ತೊಗರಿ ಬೆಳೆಯುವ ಖುಷ್ಕಿಯಾಗಿದ್ದರೆ ಹಾಗೆಯೇ ಬರೆಯಿರಿ. ಇಲ್ಲದ ಗುಣವನ್ನು ಪತ್ರದಲ್ಲಿ ಸೇರಿಸಿ, ಈ ತೀರ್ಪಿನಿಂದ ಸಿಗುವ ರಕ್ಷಣೆಯನ್ನು ನೀವೇ ಕಳೆದುಕೊಳ್ಳಬೇಡಿ.

ಉಪ ನೋಂದಣಾಧಿಕಾರಿಗೆ ಬರಹದಲ್ಲಿ ಕೇಳುವುದು

ಕಾವೇರಿಯಲ್ಲಿ ಅರ್ಜಿ ಹಾಕಿದ ಮೇಲೆ ಕಚೇರಿಯವರು ಪರಿಶೀಲಿಸಿ ಕಟ್ಟಬೇಕಾದ ಮೊತ್ತವನ್ನು ತಿಳಿಸುತ್ತಾರೆ. ಆ ಹಂತದಲ್ಲೇ ಕಚೇರಿಗೆ ಹೋಗಿ, 11ಇ ನಕ್ಷೆ ಮತ್ತು ಪಹಣಿ ಲಗತ್ತಿಸಿ, ವರ್ಗೀಕರಣವನ್ನು ಸರಿಪಡಿಸಬೇಕೆಂದು ಒಂದು ಪುಟದ ಮನವಿ ಕೊಡಿ. ಮನವಿಯಲ್ಲಿ ದೂರು ಬೇಡ, ಸಂಗತಿ ಸಾಕು. ಈ ರೀತಿ ಬರೆಯಬಹುದು:

“ಈ ಕ್ರಯಪತ್ರದ ಮೂಲಕ ಮಾರಾಟವಾಗುತ್ತಿರುವ 3 ಎಕರೆ ಭೂಮಿಯು ಸರ್ವೆ ನಂಬರಿನ ಹಿಂಭಾಗದಲ್ಲಿದ್ದು, ಲಗತ್ತಿಸಿದ 11ಇ ನಕ್ಷೆಯಲ್ಲಿ ಕಾಣುವಂತೆ ಅದರ ಯಾವ ಎಲ್ಲೆಯೂ ಹೆದ್ದಾರಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಹೆದ್ದಾರಿಗೆ ಹೊಂದಿಕೊಂಡ ಭೂಮಿಯ ದರ ಇದಕ್ಕೆ ಅನ್ವಯಿಸುವುದಿಲ್ಲ. ಗ್ರಾಮದ ಒಳಭಾಗದ ಖುಷ್ಕಿ ದರದಂತೆ ಮೌಲ್ಯ ನಿಗದಿಪಡಿಸಬೇಕೆಂದು, ಅದು ಸಾಧ್ಯವಿಲ್ಲವೆಂದಾದರೆ ದಸ್ತಾವೇಜನ್ನು ಕಲಂ 45-ಎ(1)ರ ಅಡಿ ಜಿಲ್ಲಾ ನೋಂದಣಾಧಿಕಾರಿಯವರಿಗೆ ಕಳುಹಿಸಿಕೊಡಬೇಕೆಂದು ಕೋರುತ್ತೇನೆ.”

ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅಧಿಕಾರಿ ಸಂಗತಿಯನ್ನು ಒಪ್ಪಿದರೆ ಕೆಲಸ ಇಲ್ಲಿಗೇ ಮುಗಿಯುತ್ತದೆ. ‘ತಂತ್ರಾಂಶ ಬಿಡುವುದಿಲ್ಲ, ಸರ್ವೆ ನಂಬರಿಗೆ ಇದೇ ದರ’ ಎಂಬ ಉತ್ತರ ಬರುವುದೂ ಉಂಟು. ಆಗ ಸಹಿಯಾದ ದಸ್ತಾವೇಜನ್ನು ನೀವು ಒಪ್ಪುವ ಮೌಲ್ಯದ ಶುಲ್ಕದೊಡನೆ ಹಾಜರುಪಡಿಸಿ, ಮೇಲಿನ ಕೋರಿಕೆಯ ಎರಡನೆಯ ಭಾಗದಂತೆ ಕಳುಹಿಸಿಕೊಡುವಂತೆ ಒತ್ತಾಯಿಸಿ. ಮನವಿಯ ಒಂದು ಪ್ರತಿಯನ್ನು ಜಿಲ್ಲಾ ನೋಂದಣಾಧಿಕಾರಿಗೂ ಕೊಡಿ. ದಸ್ತಾವೇಜನ್ನು ಸಹಿಯಾದ ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕೆಂಬ ನೋಂದಣಿ ಕಾಯ್ದೆಯ ಗಡುವು ಈ ಮಾತುಕತೆಯಲ್ಲಿ ಕಳೆದುಹೋಗದಂತೆ ಎಚ್ಚರ ಬೇಕು. ನೋಂದಣಿಯನ್ನೇ ನಿರಾಕರಿಸಿದರೆ ಕಾರಣಗಳನ್ನು ದಾಖಲಿಸಿದ ನಿರಾಕರಣೆ ಆದೇಶದ ಪ್ರತಿ ಕೇಳಿ, ಏಕೆಂದರೆ ಅಂಥ ಆದೇಶದ ವಿರುದ್ಧ 1908ರ ನೋಂದಣಿ ಕಾಯ್ದೆಯ ಕಲಂ 72ರಂತೆ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಬಾಯಿಮಾತಿನ ನಿರಾಕರಣೆಯ ವಿರುದ್ಧ ಏನನ್ನೂ ಸಲ್ಲಿಸಲಾಗದು.

ಈ ಹಂತದಲ್ಲಿ ಮಾರುವವರನ್ನೂ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು. ದಸ್ತಾವೇಜು ಬಾಕಿ ಇರುವಷ್ಟು ದಿನ ಕಾವೇರಿಯಿಂದ ಕಂದಾಯ ಇಲಾಖೆಯ ಭೂಮಿ ತಂತ್ರಾಂಶಕ್ಕೆ ಹೆಸರು ಬದಲಾವಣೆಯ ಸೂಚನೆಯಾದ ಜೆ ಸ್ಲಿಪ್ ಹೋಗುವುದಿಲ್ಲ, ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ, ಬೆಳೆ ಸಾಲ ಸಿಗುವುದಿಲ್ಲ. ನೋಂದಣಿ ಪೂರ್ಣಗೊಂಡ ಮೇಲೆ ದಸ್ತಾವೇಜು ಸಹಿಯಾದ ದಿನದಿಂದಲೇ ಜಾರಿಗೆ ಬಂದಂತೆ ಎಂದು ನೋಂದಣಿ ಕಾಯ್ದೆಯ ಕಲಂ 47 ಹೇಳುತ್ತದೆ ಎಂಬುದು ಸಮಾಧಾನದ ಸಂಗತಿ. ಆದರೂ ಕ್ರಯದ ಹಣದಲ್ಲಿ ಎಷ್ಟನ್ನು ಯಾವಾಗ ಕೊಡಬೇಕು, ವಿಚಾರಣೆಗೆ ಇಬ್ಬರೂ ಬರಬೇಕೇ ಎಂಬುದನ್ನು ಮೊದಲೇ ಬರಹದಲ್ಲಿ ಒಪ್ಪಿಕೊಂಡಿರುವುದು ಒಳ್ಳೆಯದು.

ಜಿಲ್ಲಾ ನೋಂದಣಾಧಿಕಾರಿಯ ಮುಂದೆ ಏನನ್ನು ಸಾಬೀತುಪಡಿಸಬೇಕು

ಕಲಂ 45-ಎ(2)ರ ಅಡಿ ಜಿಲ್ಲಾ ನೋಂದಣಾಧಿಕಾರಿಯವರು ಪಕ್ಷಗಾರರಿಗೆ ನೋಟಿಸು ಕೊಟ್ಟು, ಅಹವಾಲು ಕೇಳಿ, ಪ್ರಕರಣ ತಲುಪಿದ 90 ದಿನಗಳೊಳಗೆ ಮಾರುಕಟ್ಟೆ ಮೌಲ್ಯವನ್ನು ಆದೇಶದ ಮೂಲಕ ನಿರ್ಧರಿಸಬೇಕು. ಕಡಿಮೆ ಮೌಲ್ಯ ತೋರಿಸುವುದನ್ನು ತಡೆಯಲು ಮಾಡಿದ 1977ರ ನಿಯಮಗಳು ಕೃಷಿ ಭೂಮಿಯ ವಿಷಯದಲ್ಲಿ ಅವರು ಗಮನಿಸಬೇಕಾದದ್ದನ್ನು ಹೆಸರಿಸಿವೆ: ಭೂಮಿಯ ವರ್ಗ, ಕಂದಾಯ, ಅಕ್ಕಪಕ್ಕದ ಭೂಮಿಯ ಬೆಲೆ, ಇಳುವರಿ, ರಸ್ತೆ ಮತ್ತು ಮಾರುಕಟ್ಟೆಯ ಸಾಮೀಪ್ಯ, ಊರಿನಿಂದ ದೂರ, ನೆಲದ ಮಟ್ಟ, ನೀರಾವರಿ, ಬೆಳೆಯುವ ಬೆಳೆ. ನಿಮ್ಮ ಆಕ್ಷೇಪಣೆಯನ್ನು ಈ ಅಂಶಗಳ ಕ್ರಮದಲ್ಲೇ ಬರೆದರೆ, ಒಂದೊಂದಕ್ಕೂ ಉತ್ತರ ಕೊಡದೆ ಆದೇಶ ಮಾಡುವುದು ಅಧಿಕಾರಿಗೆ ಕಷ್ಟವಾಗುತ್ತದೆ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ತೊಡಕು ಅಕ್ಕಪಕ್ಕದ ಭೂಮಿಯ ಬೆಲೆಯದು. ಋಣಭಾರ ಪ್ರಮಾಣಪತ್ರವಾದ ಇಸಿ ತೆಗೆಸಿ, ನೆರೆಯ ಹೊಲಗಳ ಕ್ರಯಪತ್ರಗಳ ದೃಢೀಕೃತ ನಕಲು ಪಡೆದು ನೋಡಿದರೆ ಎಲ್ಲದರಲ್ಲೂ ಮಾರ್ಗಸೂಚಿ ಬೆಲೆಯೇ ಇರಬಹುದು. ಜನ ತಕರಾರು ಬೇಡವೆಂದು ಆ ಬೆಲೆಯನ್ನೇ ಬರೆಸುತ್ತಾರೆ. ಮುಂದಿನ ಪರಿಷ್ಕರಣೆಯಲ್ಲಿ ಅದೇ ಪತ್ರಗಳು ಆ ದರಕ್ಕೆ ಆಧಾರವಾಗುತ್ತವೆ. ಆದ್ದರಿಂದ ನಕಲುಗಳ ಸಂಖ್ಯೆಯನ್ನು ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ. ಪ್ರತಿಫಲದ ಮೊತ್ತ ಒಂದು, ಶುಲ್ಕಕ್ಕಾಗಿ ತೋರಿಸಿದ ಮಾರುಕಟ್ಟೆ ಮೌಲ್ಯ ಇನ್ನೊಂದು ಎಂದು ಬೇರೆಯಾಗಿ ನಮೂದಿಸಿರುವ ಪತ್ರಗಳನ್ನು ಹುಡುಕಿ. ಅಂಥ ಪತ್ರದಲ್ಲಿ ನಿಜವಾಗಿ ಕೈ ಬದಲಾದ ಹಣ ಕಾಣುತ್ತದೆ. ಅದೇ ಗ್ರಾಮದಲ್ಲಿ ನ್ಯಾಯಾಲಯದ ಮೂಲಕ ಹರಾಜಾದ ಹೊಲವಿದ್ದರೆ ಆ ಬೆಲೆಗೆ ತೂಕ ಹೆಚ್ಚು. ನ್ಯಾಯಾಲಯದ ಹರಾಜಿನಲ್ಲಿ ಬಂದ ಬೆಲೆಯನ್ನು ಮುದ್ರಾಂಕ ಶುಲ್ಕಕ್ಕಾಗಿ ಒಪ್ಪಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಎಎಸ್‌ಎಲ್ ವ್ಯಾಪಾರ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಹೋಲಿಸುವ ಹೊಲ ನಿಮ್ಮದರಂತೆಯೇ ರಸ್ತೆಯಿಂದ ಒಳಗಿರಬೇಕು, ಮಾರಾಟ ನಿಮ್ಮ ಪತ್ರದ ದಿನಾಂಕಕ್ಕೆ ಹತ್ತಿರವಿರಬೇಕು. ಅಣ್ಣತಮ್ಮಂದಿರ ನಡುವಿನ ಮಾರಾಟ, ಸಾಲಕ್ಕೆ ಸಿಕ್ಕಿ ಅವಸರದಲ್ಲಿ ಮಾರಿದ ಹೊಲ ಇವು ಹೋಲಿಕೆಗೆ ಬಾರವು, ಏಕೆಂದರೆ ಕಾನೂನು ಕೇಳುವುದು ಮುಕ್ತ ಮಾರುಕಟ್ಟೆಯಲ್ಲಿ ಬರುತ್ತಿದ್ದ ಬೆಲೆಯನ್ನು. ನೀವು ಕೊಟ್ಟ 36 ಲಕ್ಷದ ಬ್ಯಾಂಕ್ ದಾಖಲೆಯೂ ಅದೊಂದರಿಂದಲೇ ಸಾಲದು. ಅದು ನಿಮ್ಮ ಪ್ರಾಮಾಣಿಕತೆಯನ್ನು ತೋರಿಸುತ್ತದೆ, ಮಾರುಕಟ್ಟೆಯನ್ನಲ್ಲ.

ಉಳಿದದ್ದಕ್ಕೆ ಕಾಗದಗಳು ಸುಲಭವಾಗಿ ಸಿಗುತ್ತವೆ. ಮೂರು ವರ್ಷಗಳ ಪಹಣಿಯ ಬೆಳೆ ಕಾಲಂ, ಹಳ್ಳ ತುಂಬಿದಾಗಿನ ದಿನಾಂಕವಿರುವ ಚಿತ್ರಗಳು, ನೋಂದಾಯಿತ ಮೌಲ್ಯಮಾಪಕರ ವರದಿ ಇಷ್ಟಿದ್ದರೆ ಸಾಕು. ವರದಿಯಲ್ಲಿ ಹೋಲಿಕೆಗೆ ಯಾವ ಮಾರಾಟಗಳನ್ನು ತೆಗೆದುಕೊಂಡರು, ರಸ್ತೆ ಇಲ್ಲದ್ದಕ್ಕೆ ಎಷ್ಟು ಕಳೆದರು ಎಂಬುದು ಇರಲೇಬೇಕು, ಬರೀ ಮೊತ್ತವಿರುವ ವರದಿಯನ್ನು ಯಾರೂ ಓದುವುದಿಲ್ಲ. ಇದೆಲ್ಲದರ ಜೊತೆಗೆ ಸ್ಥಳ ಪರಿಶೀಲನೆ ಆಗಬೇಕೆಂದು, ಅದರ ದಿನವನ್ನು ಮೊದಲೇ ತಿಳಿಸಬೇಕೆಂದು ಬರಹದಲ್ಲಿ ಕೇಳಿ. ಪರಿಶೀಲನೆಗೆ ಬಂದವರು ಹೆದ್ದಾರಿಯಲ್ಲೇ ನಿಂತು ಸರ್ವೆ ನಂಬರಿನ ಮುಂಭಾಗವನ್ನು ನೋಡಿ ಹೋದರೆ ವರದಿ ನಿಮಗೆ ವಿರುದ್ಧವಾಗುತ್ತದೆ. ನೀವೇ ಜೊತೆಗಿದ್ದು ಬಂಡಿ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಬಾಂದು ಕಲ್ಲುಗಳನ್ನು ತೋರಿಸಿ.

ವಿಚಾರಣೆಯಲ್ಲಿ ‘ಮಾರ್ಗಸೂಚಿ ಹೀಗಿದೆ, ನಮ್ಮ ಕೈಯಲ್ಲಿಲ್ಲ’ ಎಂಬ ಮಾತು ಬಂದರೆ ಅದಕ್ಕೆ ಉತ್ತರ ಸಿದ್ಧವಿರಲಿ. ಇಂಥ ದರಪಟ್ಟಿ ಮೇಲ್ನೋಟದ ಆಧಾರ ಮಾತ್ರ, ಅಂತಿಮವಲ್ಲ, ಪಕ್ಷಗಾರರು ಸಾಕ್ಷ್ಯ ಕೊಟ್ಟು ಬೇರೆ ಬೆಲೆಯನ್ನು ತೋರಿಸಬಹುದು ಎಂದು ಸುಪ್ರೀಂ ಕೋರ್ಟ್ 1999ರ ರಮೇಶ್ ಚಂದ್ ಬನ್ಸಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಈ ತೀರ್ಪನ್ನು ಸಾಕ್ಷ್ಯದ ಜಾಗದಲ್ಲಿ ಇಡಬೇಡಿ. ಅದು ಬಾಗಿಲು ತೆರೆಯುತ್ತದೆ ಅಷ್ಟೇ, ಒಳಗೆ ಇಡಬೇಕಾದ ಸಾಕ್ಷ್ಯವನ್ನು ನೀವೇ ತರಬೇಕು.

ಆದೇಶದ ನಂತರ

ಆದೇಶ ಕೈಗೆ ಬಂದ ದಿನಾಂಕವನ್ನು ಬರೆದಿಟ್ಟುಕೊಂಡು, ಅದರಲ್ಲಿ ಕಾರಣಗಳಿವೆಯೇ ಎಂದು ಓದಿ. ನಿಮ್ಮ ನಕ್ಷೆ ಮತ್ತು ಹೋಲಿಕೆಯ ಮಾರಾಟಗಳನ್ನು ಚರ್ಚಿಸದೆ ಮಾರ್ಗಸೂಚಿ ದರವನ್ನೇ ಮತ್ತೆ ಬರೆದಿದ್ದರೆ, ಅದೇ ಮೇಲ್ಮನವಿಯ ಮೊದಲ ಆಧಾರ. ಮೇಲ್ಮನವಿಗೆ ಕಲಂ 45-ಎ(5) ಅವಕಾಶ ಕೊಡುತ್ತದೆ. ಗಡುವು ಮತ್ತು ಠೇವಣಿಯ ಷರತ್ತನ್ನು ಆದೇಶ ಬಂದ ವಾರದಲ್ಲೇ ವಕೀಲರ ಮೂಲಕ ಖಚಿತಪಡಿಸಿಕೊಳ್ಳಿ. ಅಹವಾಲು ಕೇಳದೆಯೇ ಆದೇಶ ಮಾಡಿದ್ದರೆ ಹೈಕೋರ್ಟಿನ ಕಲಬುರಗಿ ಪೀಠದ ಮುಂದೆ ರಿಟ್ ಅರ್ಜಿಯ ದಾರಿಯೂ ಇದೆ. ಬೆಲೆ 39 ಲಕ್ಷಕ್ಕೆ ಇಳಿದಿದ್ದರೆ ವ್ಯತ್ಯಾಸದ ಹಣ ಕಟ್ಟಿ ನೋಂದಣಿ ಮುಗಿಸಿಕೊಳ್ಳುವುದೇ ಲೇಸು ಎಂಬುದು ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ.

ಆದಾಯ ತೆರಿಗೆಯ ಕಡೆಯಿಂದಲೂ ಈ ಮೌಲ್ಯಕ್ಕೆ ಅರ್ಥವಿದೆ. ಕೃಷಿ ಭೂಮಿಯಾದರೂ ಅದು ನಗರಕ್ಕೆ ಹತ್ತಿರವಿದ್ದರೆ, ಮಾರಿದ ಲಾಭಕ್ಕೆ ತೆರಿಗೆ ಬೀಳುವ ಬಂಡವಾಳ ಆಸ್ತಿಯಾಗುತ್ತದೆ: ಜನಸಂಖ್ಯೆ 1 ಲಕ್ಷದಿಂದ 10 ಲಕ್ಷದೊಳಗಿನ ಕಲಬುರಗಿ ಮತ್ತು ಬೀದರ್ ನಗರಗಳ ಎಲ್ಲೆಯಿಂದ ನೇರ ಅಳತೆಯಲ್ಲಿ 6 ಕಿಲೋಮೀಟರ್, 2011ರ ಜನಗಣತಿಯಲ್ಲಿ 1 ಲಕ್ಷಕ್ಕಿಂತ ಕಡಿಮೆ ಇದ್ದ ಯಾದಗಿರಿಗೆ 2 ಕಿಲೋಮೀಟರ್. ಈ ಎಲ್ಲೆಯೊಳಗೆ ಮುದ್ರಾಂಕ ಮೌಲ್ಯವು ಕ್ರಯದ ಮೊತ್ತವನ್ನು ಶೇ 10ಕ್ಕಿಂತ ಹೆಚ್ಚು ಮೀರಿದರೆ, ಮಾರಿದವರಿಗೆ ಆ ಹೆಚ್ಚಿನ ಮೌಲ್ಯವೇ ಮಾರಾಟದ ಬೆಲೆಯೆಂದು ಎಣಿಕೆಯಾಗುತ್ತದೆ, ಕೊಂಡವರಿಗೆ ವ್ಯತ್ಯಾಸವೇ ಆದಾಯವಾಗುತ್ತದೆ. ನಮ್ಮ ಪ್ರಕರಣದಲ್ಲಿ 36 ಲಕ್ಷದ ಮೇಲೆ ಶೇ 10 ಸೇರಿಸಿದರೆ 39.6 ಲಕ್ಷ. ಅಂದರೆ 39 ಲಕ್ಷದ ಆದೇಶ ಇಬ್ಬರನ್ನೂ ಈ ಹೆಚ್ಚುವರಿ ತೆರಿಗೆಯಿಂದ ಪಾರು ಮಾಡುತ್ತದೆ, 60 ಲಕ್ಷದ ಅಂದಾಜು ಇಬ್ಬರನ್ನೂ ಸಿಲುಕಿಸುತ್ತಿತ್ತು. ತೆರಿಗೆ ಅಧಿಕಾರಿಯ ಮುಂದೆಯೂ ಮುದ್ರಾಂಕ ಮೌಲ್ಯ ಹೆಚ್ಚೆಂದು ಹೇಳಿ, ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಕಳುಹಿಸುವಂತೆ ಕೇಳಬಹುದು, ಆದರೆ ಅದೇ ಮೌಲ್ಯವನ್ನು ಬೇರೆ ಪ್ರಾಧಿಕಾರದ ಮುಂದೆ ಪ್ರಶ್ನಿಸಿದವರಿಗೆ ಆ ಅವಕಾಶ ಇಲ್ಲ. ಯಾವ ದಾರಿ ಹಿಡಿಯಬೇಕೆಂದು ಮಾರುವವರ ಲೆಕ್ಕಪರಿಶೋಧಕರ ಜೊತೆ ಮೊದಲೇ ಕೂತು ಮಾತನಾಡಿ.

ಹಿಂಭಾಗದ ಹೊಲಗಳಿಗೆ ರಸ್ತೆ ದರ ಬೀಳುವ ತೊಂದರೆ ಒಬ್ಬರದ್ದಲ್ಲ, ಆ ಸರ್ವೆ ನಂಬರಿನಲ್ಲಿ ಹಿಸ್ಸೆ ಇರುವ ಎಲ್ಲರದ್ದು. ಮಾರ್ಗಸೂಚಿ ದರ ಪರಿಷ್ಕರಣೆಯ ಕರಡು ಪ್ರಕಟವಾದಾಗ ತಾಲ್ಲೂಕಿನ ಮೌಲ್ಯಮಾಪನ ಉಪಸಮಿತಿಯು ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಕೇಳುತ್ತದೆ. ನಿಮ್ಮ ಪರವಾಗಿ ಬಂದ ಆದೇಶದ ಪ್ರತಿ ಮತ್ತು ಹಿಸ್ಸೆಗಳ ನಕ್ಷೆಯನ್ನು ಲಗತ್ತಿಸಿ, ರಸ್ತೆಗೆ ತಾಗಿದ ಹಿಸ್ಸೆಗಳಿಗೆ ಮಾತ್ರ ರಸ್ತೆ ದರವೆಂದು ಪಟ್ಟಿಯಲ್ಲೇ ಬೇರ್ಪಡಿಸಬೇಕೆಂದು ನೆರೆಯ ರೈತರೆಲ್ಲ ಸೇರಿ ಆ ಗಡುವಿನೊಳಗೆ ಬರಹದಲ್ಲಿ ಕೇಳಬಹುದು.